ಒಂದು ಕ್ಯಾಮೆರಾ, ಮೂರು ತಕರಾರು

ಹಳೆಯ ಪ್ರಶ್ನೆಪತ್ರಿಕೆಯ ಪುಟದಲ್ಲಿದ್ದ ಸಮಸ್ಯೆ ಇಷ್ಟೇ. 'ಎ' ತನ್ನ ಕ್ಯಾಮೆರಾವನ್ನು 40,000 ರೂಪಾಯಿಗೆ 'ಬಿ'ಗೆ ಮಾರುತ್ತಾನೆ. ಮೂರು ಬೇರೆ ಬೇರೆ ಸಂದರ್ಭಗಳಲ್ಲಿ ಈ ವ್ಯವಹಾರದ ಗತಿ ಏನೆಂದು ಬರೆಯಿರಿ. ಒಂದು, ಮಾರಿದ ದಿನ 'ಎ'ಗೆ 17 ವರ್ಷ. ಎರಡು, 'ಎ' ವಯಸ್ಕನೇ, ಆದರೆ 'ಬಿ' ಕೊಟ್ಟ ಚೆಕ್ಕು ಮುಚ್ಚಿಹೋದ ಖಾತೆಯದು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರು, ಇಬ್ಬರೂ ವಯಸ್ಕರು, ಮೋಸವೂ ಇಲ್ಲ, ಆದರೆ ದುಡ್ಡು ಬಾಕಿ ಉಳಿದು ಮೂರು ವರ್ಷ ದಾಟಿದೆ.

ಹುಬ್ಬಳ್ಳಿಯ ವಿದ್ಯಾನಗರದ ಬಾಡಿಗೆ ಕೋಣೆಯೊಂದರಲ್ಲಿ ಈ ಪುಟದ ಮುಂದೆ ಇಬ್ಬರು ಕೂತಿದ್ದಾರೆ. ರಾತ್ರಿ ಹನ್ನೊಂದು ದಾಟಿದೆ, ಬೆಳಿಗ್ಗೆ ಕಾಂಟ್ರ್ಯಾಕ್ಟ್ ಪೇಪರು. ಒಬ್ಬ ಹಾವೇರಿ ಕಡೆಯ ಹುಡುಗ, ಡಿಗ್ರಿ ಮುಗಿಸಿ ನೇರವಾಗಿ ಎಲ್‌ಎಲ್‌ಬಿಗೆ ಬಂದವನು. ಇನ್ನೊಬ್ಬ ಗದಗ ಕಡೆಯವನು, ಪತ್ತಿನ ಸಹಕಾರ ಸಂಘವೊಂದರಲ್ಲಿ ಕೆಲವು ವರ್ಷ ಗುಮಾಸ್ತನಾಗಿದ್ದವನು. ಸಾಲ ವಸೂಲಿ ಕೇಸುಗಳ ಕಡತ ಹೊತ್ತು ಕೋರ್ಟಿಗೆ ಅಲೆದಾಡಿ, ಕೊನೆಗೆ ತಾನೇ ಕರಿಕೋಟು ಹಾಕಬೇಕೆಂದು ಓದಲು ಬಂದಿದ್ದಾನೆ. ಚಿಕ್ಕವನಿಗೆ ಅವನು ಅಣ್ಣ, ಅವನಿಗೆ ಇವನು ತಮ್ಮ.

"ಬಾಯಿಪಾಠ ಆಗೈತಿ ಅಣ್ಣಾ," ಎಂದ ಹುಡುಗ. "ಕಾನೂನು ಪ್ರಕಾರ ಜಾರಿ ಮಾಡಲಿಕ್ಕೆ ಬರದ ಒಪ್ಪಂದ ಶೂನ್ಯ, ಅಂದ್ರ ವಾಯ್ಡ್. ಒಬ್ಬನ ಇಚ್ಛೆ ಮ್ಯಾಲೆ ಜಾರಿ ಆಗೂದು, ಇನ್ನೊಬ್ಬನ ಇಚ್ಛೆ ಮ್ಯಾಲೆ ಆಗದಿರೂದು ವಾಯ್ಡಬಲ್. ಜಾರಿ ಮಾಡಲಿಕ್ಕೆ ಬರದ ಕರಾರು ಅನ್‌ಎನ್‌ಫೋರ್ಸಬಲ್. ಈಗ ನೋಡು, ಮೊದಲನೇದೂ ಜಾರಿ ಆಗೂದಿಲ್ಲ, ಮೂರನೇದೂ ಜಾರಿ ಆಗೂದಿಲ್ಲ. ಹಂಗಾದ್ರ ಎರಡರಾಗ ಫರಕ್ ಏನು?"

"ಫರಕ್ ವ್ಯಾಖ್ಯೆದಾಗ ಹುಡುಕಬ್ಯಾಡ. ಕ್ಯಾಮೆರಾ ಯಾರ ಮನ್ಯಾಗ ಉಳೀತೈತಿ, ರೊಕ್ಕ ಯಾರ ಕೈಗೆ ಹೋಗ್ತೈತಿ ಅಂತ ಕೇಳು. ಕೋರ್ಟಿಗೆ ಯಾರು ಹೋಗಬಹುದು, ಎಲ್ಲೀತನಕ ಹೋಗಬಹುದು, ಈಗಾಗಲೇ ಕೈ ಬದಲಾದ ವಸ್ತುವಿನ ಗತಿ ಏನು. ಈ ಮೂರು ಕೇಳಿದ್ರ ಫರಕ್ ತಾನ ಹೊರಗ ಬರ್ತೈತಿ."

ಹುಡುಗನ ತಕರಾರಿಗೆ ಕಾರಣವಿದೆ. 1872ರ ಭಾರತೀಯ ಕರಾರು ಕಾಯ್ದೆಯ 2ನೇ ಕಲಮಿನಲ್ಲಿ ಶೂನ್ಯ ಒಪ್ಪಂದಕ್ಕೂ ಶೂನ್ಯಗೊಳಿಸಬಹುದಾದ ಕರಾರಿಗೂ ವ್ಯಾಖ್ಯೆ ಇದೆ. ಜಾರಿಗೊಳಿಸಲಾಗದ ಕರಾರಿಗೆ ಅಲ್ಲಿ ಪ್ರತ್ಯೇಕ ವ್ಯಾಖ್ಯೆಯೇ ಇಲ್ಲ. ಅದು ಕಾಲಮಿತಿ ಕಾಯ್ದೆ, ಮುದ್ರಾಂಕ ಕಾಯ್ದೆಗಳಂಥ ಬೇರೆ ಕಾನೂನುಗಳಿಂದ ಒಳಗೆ ಬರುವ ತೊಡಕು. ಕರಾರಿನ ಪುಸ್ತಕವನ್ನಷ್ಟೇ ಓದಿದವರಿಗೆ ಮೂರನೆಯದು ಮೊದಲನೆಯದರ ನೆರಳಿನ ಹಾಗೆ ಕಾಣುತ್ತದೆ.

ಹದಿನೇಳರ ಹುಡುಗನ ಸಹಿ

"ಮೊದಲನೇದು ಸಸಾರ," ಎಂದ ಹುಡುಗ. "11ನೇ ಕಲಮು. ಅಪ್ರಾಪ್ತ ವಯಸ್ಕ ಕರಾರು ಮಾಡಲಿಕ್ಕೆ ಅರ್ಹ ಅಲ್ಲ. ಹಂಗಾಗಿ ಶೂನ್ಯ."

"ಶೂನ್ಯ ಅಂತ 11ನೇ ಕಲಮಿನ್ಯಾಗ ಎಲ್ಲೈತಿ? ತಗದು ತೋರಿಸು."

ಹುಡುಗ ಪುಸ್ತಕ ತೆರೆದು ನೋಡಿದ. ವಯಸ್ಕನಾಗಿರುವ, ಸ್ವಸ್ಥಚಿತ್ತನಾಗಿರುವ, ಕಾನೂನು ಅನರ್ಹಗೊಳಿಸದಿರುವ ಪ್ರತಿಯೊಬ್ಬನೂ ಕರಾರಿಗೆ ಅರ್ಹ ಎಂದಷ್ಟೇ ಇದೆ. ಅರ್ಹನಲ್ಲದವನು ಮಾಡಿಕೊಂಡ ಒಪ್ಪಂದ ಏನಾಗುತ್ತದೆ ಎಂಬ ಮಾತಿಲ್ಲ. ಕಾಯ್ದೆ ಬಂದು ಮೂವತ್ತು ವರ್ಷ ಈ ಖಾಲಿ ಜಾಗ ಹಾಗೇ ಇತ್ತು. ಅಪ್ರಾಪ್ತನ ಒಪ್ಪಂದ ಹುಟ್ಟಿನಿಂದಲೇ ಶೂನ್ಯವೋ, ಇಲ್ಲ ಬೇಕೆಂದರೆ ಅವನು ರದ್ದು ಮಾಡಬಹುದಾದದ್ದೋ ಎಂಬುದು ಇತ್ಯರ್ಥವಾದದ್ದು 1903ರಲ್ಲಿ, ಮೊಹೊರಿ ಬೀಬಿ ಮತ್ತು ಧರ್ಮದಾಸ್ ಘೋಷ್ ಪ್ರಕರಣದಲ್ಲಿ. ಕಾನೂನು ವಿದ್ಯಾರ್ಥಿಗಳೆಲ್ಲ ಈ ಹೆಸರನ್ನು ಉರುಹೊಡೆಯುತ್ತಾರೆ. ಒಳಗಿನ ಕಥೆ ಗೊತ್ತಿರುವವರು ಕಡಿಮೆ.

ಧರ್ಮದಾಸ್ ಘೋಷ್ ಕಲ್ಕತ್ತೆಯಲ್ಲಿ ಮನೆಗಳಿದ್ದ ಯುವಕ. ಅವನಿಗೆ ಕೋರ್ಟು ನೇಮಿಸಿದ ಪೋಷಕರಿದ್ದರು. ಹಾಗೆ ಪೋಷಕರಿದ್ದವರು 18ಕ್ಕಲ್ಲ, 21ಕ್ಕೆ ವಯಸ್ಕರಾಗುತ್ತಾರೆ ಎಂಬುದು ಆಗಿನ ಕಾನೂನು. ಅವನಿಗೆ 21 ತುಂಬುವುದು 1895ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಎರಡು ತಿಂಗಳು ಮೊದಲೇ, ಜುಲೈ 20ರಂದು, ಅವನು ಬ್ರಹ್ಮೋ ದತ್ ಎಂಬ ಲೇವಾದೇವಿಗಾರನಿಗೆ ಮನೆಗಳನ್ನು ಅಡಮಾನ ಬರೆದುಕೊಟ್ಟ. ಪತ್ರದಲ್ಲಿದ್ದ ಸಾಲ 20,000 ರೂಪಾಯಿ, ಬಡ್ಡಿ ನೂರಕ್ಕೆ 12. ನಿಜವಾಗಿ ಎಷ್ಟು ಹಣ ಕೈಗೆ ಬಂತೆಂಬುದು ಕೊನೆಯವರೆಗೂ ವಿವಾದದಲ್ಲೇ ಉಳಿಯಿತು. ತಾನು ವಯಸ್ಕನೆಂದು ಹೇಳುವ ಒಂದು ಹೇಳಿಕೆಗೂ ಅವನಿಂದ ಸಹಿ ಹಾಕಿಸಿಕೊಂಡಿದ್ದರು.

ಆದರೆ ಅಡಮಾನಕ್ಕೆ ಐದು ದಿನ ಮೊದಲೇ ಧರ್ಮದಾಸನ ತಾಯಿಯ ವಕೀಲರು, ಹುಡುಗ ಇನ್ನೂ ಅಪ್ರಾಪ್ತ, ಸಾಲ ಕೊಟ್ಟರೆ ಅದರ ಹೊಣೆ ನಿಮ್ಮದೇ ಎಂದು ಲೇವಾದೇವಿಗಾರನ ವಕೀಲನಿಗೆ ಪತ್ರ ಬರೆದಿದ್ದರು. ಸೆಪ್ಟೆಂಬರಿನಲ್ಲಿ, ಮಗನ ಪರವಾಗಿ ತಾಯಿ, ಅಡಮಾನ ರದ್ದಾಗಬೇಕೆಂದು ದಾವೆ ಹೂಡಿದಳು. ವ್ಯಾಜ್ಯ ನಡೆಯುತ್ತಿದ್ದಾಗ ಬ್ರಹ್ಮೋ ದತ್ ತೀರಿಕೊಂಡ. ಅವನ ಕಡೆಯಿಂದ ಮುಂದುವರಿಸಿದ ಮೊಹೊರಿ ಬೀಬಿಯ ಹೆಸರು ಪ್ರಕರಣಕ್ಕೆ ಅಂಟಿಕೊಂಡಿತು. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು.

"ಅಲ್ಲಿ ಲೇವಾದೇವಿ ಕಡೆಯವರು ಏನಂತ ವಾದ ಮಾಡಿದ್ರು ಹೇಳು," ಎಂದ ಅಣ್ಣ.

"ಅಡಮಾನ ರದ್ದಾದ್ರ ಆಗಲಿ, ನಮ್ಮ ರೊಕ್ಕ ನಮಗ ಕೊಡಿಸ್ರಿ ಅಂದ್ರು. 64 ಮತ್ತ 65ನೇ ಕಲಮು ತೋರಿಸಿದ್ರು. ಲಾಭ ಪಡೆದವ ತಿರುಗಿ ಕೊಡಬೇಕು ಅಂತೈತಿ."

"ಪ್ರಿವಿ ಕೌನ್ಸಿಲ್ ಅದನ್ನ ಯಾಕ ಒಪ್ಪಲಿಲ್ಲ?"

ಹುಡುಗ ಇಲ್ಲಿ ನಿಂತ. ಕಾಲೇಜಿನ ನೋಟ್ಸಿನಲ್ಲಿ 'ಅಪ್ರಾಪ್ತನ ಒಪ್ಪಂದ ಶೂನ್ಯ' ಎಂಬ ಒಂದೇ ಸಾಲು ಇತ್ತು.

"ಯಾಕಂದ್ರ," ಎಂದು ಅಣ್ಣನೇ ಮುಂದುವರಿಸಿದ, "64 ಮತ್ತ 65ನೇ ಕಲಮು ಕರಾರು ಮಾಡಲಿಕ್ಕೆ ಅರ್ಹತಾ ಇದ್ದವರ ನಡುವಿನ ಮಾತು. ಅರ್ಹರು ಸೇರಿ ಒಂದು ಕರಾರು ಮಾಡ್ಯಾರ, ಆಮ್ಯಾಲೆ ಅದು ಮುರದೈತಿ, ಇಲ್ಲಾ ಶೂನ್ಯ ಅಂತ ಗೊತ್ತಾಗೈತಿ, ಆಗ ಲೆಕ್ಕ ಚುಕ್ತಾ ಮಾಡ್ರಿ ಅಂತ ಅವು ಹೇಳ್ತಾವು. ಇಲ್ಲಿ ಕರಾರು ಅನ್ನೂದ ಹುಟ್ಟಿಲ್ಲ. ಹುಟ್ಟದ್ದನ್ನ ಮುರಿಯೂದೇನು, ಲೆಕ್ಕ ಚುಕ್ತಾ ಮಾಡೂದೇನು? ಇದು ಒಂದನೇ ಮಾತು. ಎರಡನೇದು, ಆವತ್ತಿನ ನಿರ್ದಿಷ್ಟ ಪರಿಹಾರ ಕಾಯ್ದೆ ಪ್ರಕಾರ ರೊಕ್ಕ ತಿರುಗಿ ಕೊಡ್ಸೂದು ಕೋರ್ಟಿನ ವಿವೇಚನಾಕ್ಕ ಬಿಟ್ಟದ್ದು. ಹುಡುಗ ಅಪ್ರಾಪ್ತ ಅಂತ ಗೊತ್ತಿದ್ದೂ ಸಾಲ ಕೊಟ್ಟವಗ ಯಾವ ಕನಿಕರ?"

"ಆದ್ರ ಅವ ವಯಸ್ಸಿನ ಬಗ್ಗೆ ಸುಳ್ಳು ಬರೆದುಕೊಟ್ಟಿದ್ನಲ್ಲ?"

"ಆ ಸುಳ್ಳಿಗೆ ಇವರು ಬಿದ್ದಿರಲಿಲ್ಲ. ಖರೇ ಗೊತ್ತಿದ್ದವನನ್ನ ಸುಳ್ಳು ಮೋಸ ಮಾಡೂದಿಲ್ಲ. ಪ್ರಿವಿ ಕೌನ್ಸಿಲ್ ಹೇಳಿದ್ದೂ ಅದನ್ನ."

ಈ ತೀರ್ಪಿನಿಂದ 'ಶೂನ್ಯ' ಎಂದರೇನೆಂದು ಸ್ಪಷ್ಟವಾಯಿತು. ಅಂಥ ಒಪ್ಪಂದವನ್ನು ಯಾರೂ ರದ್ದು ಮಾಡಬೇಕಾಗಿಲ್ಲ, ಯಾರೂ ಆಮೇಲೆ ಒಪ್ಪಿ ಊರ್ಜಿತಗೊಳಿಸಲೂ ಆಗದು. ಪತ್ರವೊಂದು ಕಣ್ಣೆದುರು ಇದ್ದಾಗ ಅದನ್ನು ರದ್ದೆಂದು ಘೋಷಿಸಿ ಎಂದು ಕೋರ್ಟನ್ನು ಕೇಳಬಹುದು, ಆದರೆ ಆ ಘೋಷಣೆ ಹೊಸದಾಗಿ ಏನನ್ನೂ ಮಾಡುವುದಿಲ್ಲ, ಮೊದಲಿಂದ ಇದ್ದದ್ದನ್ನು ಹೇಳುತ್ತದೆ. ಕಾಲ ಬದಲಾದಂತೆ ಒಂದು ಕಡೆ ಕಾನೂನು ಮೆತ್ತಗಾಗಿದೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಮಿನ ಪ್ರಕಾರ, ಅಪ್ರಾಪ್ತನೋ ಅವನ ಆಸ್ತಿಯೋ ನಿಜವಾಗಿ ಪಡೆದ ಲಾಭ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಹಿಂದಿರುಗಿಸಲು ಕೋರ್ಟು ಹೇಳಬಹುದು. ಆದರೆ ಅದು ಕರಾರಿನ ಜಾರಿಯಲ್ಲ. ಬರೆದ ಬಡ್ಡಿಯನ್ನಾಗಲಿ ಬಾಕಿಯನ್ನಾಗಲಿ ಅದರಡಿ ವಸೂಲು ಮಾಡಲಾಗದು.

"ಹಂಗಾದ್ರ ನಮ್ಮ ಕ್ಯಾಮೆರಾ?"

"ಒಡೆತನ 'ಎ' ಹಂತೇಕನ ಉಳೀತು. ಕ್ಯಾಮೆರಾ 'ಬಿ' ಕೈಗೆ ಹೋಗೈತಿ, ಒಡೆತನ ಹೋಗಿಲ್ಲ. ಈಗ 'ಬಿ' ಅದನ್ನ ಒಂದು ಸ್ಟುಡಿಯೊದವಗ ಮಾರ್ಯಾನ ಅನ್ಕೋ. ಸ್ಟುಡಿಯೊದವ ಪಾಪದವ, ಪೂರ್ತಿ ರೊಕ್ಕ ಕೊಟ್ಟಾನ. ಅವಗ ಏನು ಬಂತು?"

"ಏನೂ ಬರಲಿಲ್ಲ. 'ಬಿ' ಹಂತೇಕ ಇಲ್ಲದ್ದನ್ನ ಅವ ಹೆಂಗ ಕೊಟ್ಟಾನು?"

"ಈ ಉತ್ತರ ನೆನಪಿಟ್ಕೋ. ಎರಡನೇದರಾಗ ಇದ ಉಲ್ಟಾ ಆಗ್ತೈತಿ."

ಆಯ್ಕೆ ಮೋಸಹೋದವನದು

ಎರಡನೆಯ ಸಂದರ್ಭದಲ್ಲಿ ಇಬ್ಬರೂ ಅರ್ಹರು. ಬೆಲೆ ನಿಗದಿಯಾಗಿದೆ, ವಸ್ತು ಕೊಟ್ಟಾಗಿದೆ. ಕರಾರು ಹುಟ್ಟಿದೆ. ಕೆಟ್ಟದ್ದು ಒಪ್ಪಿಗೆ ಮಾತ್ರ. ಕೊಡುವ ಮನಸ್ಸೇ ಇಲ್ಲದೆ ಕೊಡುತ್ತೇನೆಂದು ಹೇಳುವುದು 17ನೇ ಕಲಮಿನ ಪ್ರಕಾರ ವಂಚನೆ. ಬಲಾತ್ಕಾರ, ವಂಚನೆ ಅಥವಾ ತಪ್ಪು ನಿರೂಪಣೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ಒಪ್ಪಿಗೆ ಕೊಟ್ಟವನು ಬೇಕಾದರೆ ರದ್ದು ಮಾಡಬಹುದು ಎನ್ನುತ್ತದೆ 19ನೇ ಕಲಮು. 19ಎ ಕಲಮು ಅನುಚಿತ ಪ್ರಭಾವಕ್ಕೂ ಇದೇ ಮಾತು ಹೇಳುತ್ತದೆ.

"ಬೇಕಾದರೆ ಅನ್ನೂದರ ಮ್ಯಾಲೆ ನಿಂದ್ರು," ಎಂದ ಅಣ್ಣ. "ಒಂದು ಸ್ವಿಚ್ಚು ಐತಿ, ಅದು 'ಎ' ಕೈಯಾಗ ಮಾತ್ರ ಐತಿ ಅಂತ ತಿಳಕೋ. ಅವ ಅದನ್ನ ಆರಿಸೂತನಕ ಕರಾರು ಜೀವಂತ. 'ಬಿ' ಬಂದು, ನಾ ಮೋಸ ಮಾಡೇನಿ, ಹಂಗಾಗಿ ಇದು ರದ್ದು, ಅಂದ್ರ ನಡಿಯೂದಿಲ್ಲ."

"'ಎ' ಯಾಕ ಆರಿಸದ ಬಿಡ್ತಾನ?"

"ಕ್ಯಾಮೆರಾ ಹಳೇದು, 40,000 ಒಳ್ಳೇ ರೇಟು, 'ಬಿ' ಹಂತೇಕ ವಸೂಲಾಗುವಷ್ಟು ಆಸ್ತಿ ಐತಿ. ಹಂಗಿದ್ರ ಕರಾರು ಹಿಡಕೊಂಡು ರೊಕ್ಕಕ್ಕ ದಾವೆ ಹಾಕೂದ ಶಾಣ್ಯಾತನ. ಕ್ಯಾಮೆರಾನ ಬೇಕಾದ್ರ ರದ್ದು ಮಾಡಿ ವಾಪಸ್ ಕೇಳ್ತಾನ. ಎರಡರಾಗ ಒಂದು. ಎರಡೂ ಬೇಕು ಅನ್ನಲಿಕ್ಕೆ ಬರೂದಿಲ್ಲ."

ರದ್ದು ಮಾಡಿದರೆ ತಾನು ಪಡೆದದ್ದನ್ನು ಹಿಂದಿರುಗಿಸಬೇಕು. ಇದು 64ನೇ ಕಲಮು. ಕ್ಯಾಮೆರಾ ಮಾರಿದವನು 5,000 ಮುಂಗಡ ತೆಗೆದುಕೊಂಡಿದ್ದರೆ ಅದನ್ನು ಇಟ್ಟುಕೊಂಡು ಕ್ಯಾಮೆರಾವನ್ನೂ ಕೇಳುವಂತಿಲ್ಲ. ರದ್ದು ಮಾಡಿದೆ ಎಂದು ಮನಸ್ಸಿನಲ್ಲಿ ಅಂದುಕೊಂಡರೂ ಸಾಲದು, ಎದುರಿನವನಿಗೆ ತಿಳಿಸಬೇಕು. ಮೋಸ ಗೊತ್ತಾದ ಮೇಲೂ ಸುಮ್ಮನಿದ್ದು, 'ಬಿ'ಯಿಂದ ಕಂತಿನ ಮೇಲೆ ಹಣ ತೆಗೆದುಕೊಳ್ಳುತ್ತ ಹೋದರೆ ಅವನು ಕರಾರನ್ನು ಒಪ್ಪಿಕೊಂಡನೆಂದೇ ಲೆಕ್ಕ. ಆಮೇಲೆ ಆ ಆಯ್ಕೆ ಇಲ್ಲ.

ಈ ಆಯ್ಕೆಯನ್ನು ಇನ್ನೊಂದು ರೀತಿಯಲ್ಲೂ ಕಳೆದುಕೊಳ್ಳಬಹುದು. ಅದರಲ್ಲಿ ಮಾರಿದವನ ತಪ್ಪು ಏನೂ ಇರಬೇಕಾಗಿಲ್ಲ.

"ಸೋಮವಾರ ಕ್ಯಾಮೆರಾ ಹೋತು," ಎಂದು ಅಣ್ಣ ಹಾಳೆಯ ಮೇಲೆ ಗೆರೆ ಎಳೆದ. "ಬುಧವಾರ 'ಬಿ' ಅದನ್ನ ಸ್ಟುಡಿಯೊದವಗ ಮಾರಿದ. ಶುಕ್ರವಾರ ಚೆಕ್ಕು ವಾಪಸ್ ಬಂತು. ಶನಿವಾರ 'ಎ' ಓಡಿಹೋಗಿ ಸ್ಟುಡಿಯೊದವಗ, ಕ್ಯಾಮೆರಾ ಕೊಡು ಅಂದ. ಸಿಗ್ತೈತೇನು?"

"ಮೋಸದ ಮಾಲಲ್ಲ? ಸಿಗಬೇಕು."

"ಸಿಗೂದಿಲ್ಲ. ಬುಧವಾರ ದಿವಸ ಕರಾರು ಜೀವಂತ ಇತ್ತು. ಜೀವಂತ ಇದ್ದ ಕರಾರಿನಿಂದ 'ಬಿ'ಗೆ ಒಡೆತನ ಬಂದಿತ್ತು. ಇದ್ದದ್ದನ್ನ ಅವ ಕೊಟ್ಟ."

ಇದು 1930ರ ಸರಕು ಮಾರಾಟ ಕಾಯ್ದೆಯ 29ನೇ ಕಲಮು. ಶೂನ್ಯಗೊಳಿಸಬಹುದಾದ ಕರಾರಿನಡಿ ವಸ್ತು ಪಡೆದವನು, ಆ ಕರಾರು ಇನ್ನೂ ರದ್ದಾಗದಿರುವಾಗ ಅದನ್ನು ಮಾರಿದರೆ, ಪ್ರಾಮಾಣಿಕವಾಗಿ ಮತ್ತು ದೋಷದ ಸುಳಿವಿಲ್ಲದೆ ಕೊಂಡವನಿಗೆ ಒಳ್ಳೆಯ ಹಕ್ಕು ಸಿಗುತ್ತದೆ. ಇಂಗ್ಲೆಂಡಿನಲ್ಲಿ 1919ರಲ್ಲಿ ತೀರ್ಮಾನವಾದ ಫಿಲಿಪ್ಸ್ ಮತ್ತು ಬ್ರೂಕ್ಸ್ ಪ್ರಕರಣ ಇದೇ ಮಾದರಿಯದು. ಒಬ್ಬ ವಂಚಕ ಆಭರಣದ ಅಂಗಡಿಗೆ ಬಂದು ತಾನು ಸರ್ ಜಾರ್ಜ್ ಬುಲೊ ಎಂಬ ಶ್ರೀಮಂತನೆಂದು ಹೇಳಿಕೊಂಡ. 3,000 ಪೌಂಡಿನ ಚೆಕ್ಕು ಬರೆದು, 450 ಪೌಂಡಿನ ಉಂಗುರವನ್ನು ಆಗಲೇ ಕೈಯಲ್ಲಿ ಒಯ್ದ. ಅದನ್ನು ಒಂದು ಗಿರವಿ ಅಂಗಡಿಯಲ್ಲಿ 350 ಪೌಂಡಿಗೆ ಇಟ್ಟ. ಚೆಕ್ಕು ಹಿಂದಿರುಗಿತು. ಅಂಗಡಿಯವನು ಎದುರಿಗೆ ನಿಂತ ಮನುಷ್ಯನ ಜೊತೆಗೇ ವ್ಯವಹಾರ ಮಾಡಿದ್ದಾನೆ, ಕರಾರು ಶೂನ್ಯವಲ್ಲ, ಶೂನ್ಯಗೊಳಿಸಬಹುದಾದದ್ದು ಎಂದಿತು ಕೋರ್ಟು. ರದ್ದು ಮಾಡುವ ಮೊದಲೇ ಉಂಗುರ ಗಿರವಿಗೆ ಬಿದ್ದಿದ್ದರಿಂದ ಗಿರವಿಯವನೇ ಗೆದ್ದ.

"ಹಂಗಾದ್ರ ಕಳ್ಳ ಒಬ್ಬ, ದಂಡ ಇನ್ನೊಬ್ಬಗ," ಎಂದ ಹುಡುಗ.

"ಇಬ್ಬರೂ ಪಾಪದವರಿದ್ದಾಗ ಒಬ್ಬರು ನಷ್ಟ ತಿನ್ನಲೇಬೇಕು. ಚೆಕ್ಕು ನಂಬಿ ಮಾಲು ಕೊಟ್ಟವ ತಿನ್ನಲಿ ಅಂತ ಕಾನೂನು. ಹಂಗಂತ ಸ್ಟುಡಿಯೊದವ, ನಂಗೇನೂ ಗೊತ್ತಿದ್ದಿಲ್ಲ, ಅಂದಕೂಡಲೇ ಮುಗೀಲಿಲ್ಲ. 40,000ದ ಕ್ಯಾಮೆರಾನ 8,000ಕ್ಕ, ಬಿಲ್ಲಿಲ್ಲದ, ರಾತ್ರೋರಾತ್ರಿ ತಗೊಂಡಿದ್ರ ಕೋರ್ಟು ಕೇಳ್ತೈತಿ. 'ಬಿ' ಮ್ಯಾಲೆ ಕೇಸು ಹಾಕಲಿಕ್ಕೂ 'ಎ'ಗೆ ದಾರಿ ಐತಿ. ಕ್ಯಾಮೆರಾ ಮಾತ್ರ ಹೋತು."

ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ವಂಚನೆ ಎಂಬುದು ಕಿವಿಗೆ ಅಪ್ರಾಪ್ತತೆಗಿಂತ ದೊಡ್ಡ ತಪ್ಪಿನ ಹಾಗೆ ಕೇಳುತ್ತದೆ. ಅದಕ್ಕೇ ವಂಚನೆ ಕಂಡ ತಕ್ಷಣ 'ಶೂನ್ಯ' ಎಂದು ಬರೆದುಬಿಡುತ್ತಾರೆ. ಕಾನೂನು ನೋಡುವುದು ಪಾಪದ ತೂಕವನ್ನಲ್ಲ. ಒಪ್ಪಿಕೊಳ್ಳಲು ಅರ್ಹತೆಯೇ ಇಲ್ಲದವನು ಸಹಿ ಹಾಕಿದರೆ ಕರಾರು ಹುಟ್ಟುವುದಿಲ್ಲ. ಅರ್ಹನು ಮೋಸಹೋಗಿ ಸಹಿ ಹಾಕಿದರೆ ಕರಾರು ಹುಟ್ಟುತ್ತದೆ, ಅದನ್ನು ಉಳಿಸಿಕೊಳ್ಳುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ಯಾವುದು ತನಗೆ ಲಾಭವೆಂದು ಮೋಸಹೋದವನೇ ತೀರ್ಮಾನಿಸಲಿ ಎಂಬುದು ಇದರ ಹಿಂದಿನ ವಿಚಾರ. ಎಲ್ಲ ವಂಚನೆಯ ಕರಾರುಗಳನ್ನೂ ತಾನಾಗಿ ಶೂನ್ಯ ಮಾಡಿದ್ದರೆ ಮೋಸಗಾರನೇ ಅದರ ಲಾಭ ಪಡೆಯುತ್ತಿದ್ದ.

ಸಾಲ ಇದೆ, ದಾವೆ ಇಲ್ಲ

ಮೂರನೆಯದಕ್ಕೆ ಬರುವಾಗ ಗಂಟೆ ಒಂದಾಗಿತ್ತು. ಇದು ಸಂಘದ ಗುಮಾಸ್ತನ ಕ್ಷೇತ್ರ.

"ತಾರೀಖು ಹಾಕ್ಕೋ," ಎಂದ. "2022ರ ಜೂನ್ 10ಕ್ಕ ಕ್ಯಾಮೆರಾ ಕೊಟ್ಟ. ರೊಕ್ಕಕ್ಕ ವಾಯಿದೆ ಅಂತ ಮಾತಾಗಿಲ್ಲ. ಕಾಲಮಿತಿ ಕಾಯ್ದೆ ಪ್ರಕಾರ ಮಾಲು ಕೊಟ್ಟ ದಿವಸದಿಂದ ಮೂರು ವರ್ಷ. ಕೊಟ್ಟ ದಿವಸ ಬಿಟ್ಟು ಎಣಿಸಿದ್ರ 2025ರ ಜೂನ್ 10 ಕಡೀ ದಿವಸ. 'ಎ' ಆಗಸ್ಟಿನ್ಯಾಗ ದಾವೆ ಹಾಕಿದ. ಏನಾಗ್ತೈತಿ?"

"'ಬಿ' ತಕರಾರು ತಗದ್ರ ವಜಾ ಆಗ್ತೈತಿ."

"ತಗೀದಿದ್ರೂ ವಜಾ. 1963ರ ಕಾಯ್ದೆದ 3ನೇ ಕಲಮು. ಎದುರಿನವ ಬಾಯಿ ಬಿಡದಿದ್ರೂ ಕೋರ್ಟು ತಾನ ನೋಡಬೇಕು."

"ಹಂಗಾದ್ರ ಮೊದಲನೇದಕ್ಕೂ ಇದಕ್ಕೂ ಒಂದ ಗತಿ ಆತಲ್ಲ ಅಣ್ಣಾ. ನಾ ಅದನ್ನ ಕೇಳಾಕತ್ತೀನಿ."

"ಕೋರ್ಟಿನ ಬಾಗಿಲದಾಗ ಒಂದ ಗತಿ. ಹೊರಗ ಬ್ಯಾರೆ. ಕಾಲ ಮುಗದ್ರ ದಾವೆ ಹಕ್ಕು ಹೋಗ್ತೈತಿ, ಸಾಲ ಹೋಗೂದಿಲ್ಲ. 'ಬಿ' ಮರ್ಯಾದಿಗಂಜಿ 2026ರಾಗ 40,000 ಕೊಟ್ಟ ಅನ್ನು. ಆಮ್ಯಾಲೆ ಯಾರೋ ವಕೀಲರು, ನೀ ಕೊಡಬೇಕಾಗಿದ್ದಿಲ್ಲ, ಅಂದ್ರು. ವಾಪಸ್ ಕೇಳಬಹುದೇನು?"

ಹುಡುಗ ತಡೆದು ಹೇಳಿದ: "ಇಲ್ಲ. ಕೊಡಬೇಕಾದ್ದನ್ನ ಕೊಟ್ಟಾನ."

"ಇನ್ನೂ ಐತಿ. 'ಬಿ' ಅದ 'ಎ' ಹಂತೇಕ ಇನ್ನೊಂದು ಹೊಸಾ ಸಾಲ ಮಾಡ್ಯಾನ. 5,000 ತಂದುಕೊಟ್ಟ, ಯಾವುದಕ್ಕ ಜಮಾ ಅಂತ ಹೇಳಲಿಲ್ಲ. 'ಎ' ಅದನ್ನ ಕಾಲ ಮೀರಿದ ಕ್ಯಾಮೆರಾ ಬಾಕಿಗೆ ಜಮಾ ಮಾಡಿಕೋಬಹುದು. 60ನೇ ಕಲಮು ಹಂಗಂತ ಬರದೈತಿ. ಸಾಲ ಸತ್ತಿದ್ರ ಜಮಾ ಮಾಡಲಿಕ್ಕೆ ಹೆಂಗ ಬರ್ತಿತ್ತು?"

ಸಂಘದಲ್ಲಿ ಮಾರ್ಚ್ ಬಂತೆಂದರೆ ಸಾಲಗಾರರ ಮನೆಗೆ ಹೋಗಿ ಬಾಕಿ ಒಪ್ಪಿಗೆಯ ಚೀಟಿಗೆ ಸಹಿ ಹಾಕಿಸಿಕೊಂಡು ಬರುವುದು ಅವನ ಕೆಲಸವಾಗಿತ್ತು. ಆ ಚೀಟಿಯ ಬಲ ಏನೆಂದು ಅವನಿಗೆ ಪುಸ್ತಕಕ್ಕಿಂತ ಮೊದಲೇ ಗೊತ್ತು. ಅವಧಿ ಮುಗಿಯುವುದರೊಳಗೆ ಬಾಕಿ ಇದೆ ಎಂದು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ, ಕಾಲಮಿತಿ ಕಾಯ್ದೆಯ 18ನೇ ಕಲಮಿನ ಪ್ರಕಾರ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ ಶುರುವಾಗುತ್ತದೆ. 'ಬಿ' 2025ರ ಮಾರ್ಚ್ 1ರಂದು 'ಕ್ಯಾಮೆರಾದ 40,000 ಬಾಕಿ ಇದೆ' ಎಂದು ಬರೆದು ಸಹಿ ಮಾಡಿದ್ದರೆ 2028ರ ಮಾರ್ಚ್ 1ರ ತನಕ ದಾವೆಗೆ ದಾರಿ ಇದೆ. ಅದೇ ಸಾಲನ್ನು ಅವನು 2025ರ ಆಗಸ್ಟಿನಲ್ಲಿ ಬರೆದರೆ ಪ್ರಯೋಜನವಿಲ್ಲ. ಮುಗಿದ ಅವಧಿಯನ್ನು ಬರಿಯ ಒಪ್ಪಿಗೆ ಎಬ್ಬಿಸುವುದಿಲ್ಲ.

"ಆಗಸ್ಟಿನ್ಯಾಗ ಏನು ಬರಸ್ಕೋಬೇಕು?"

"ಬಾಕಿ ಐತಿ ಅಂತ ಬರೆದ್ರ ಸಾಲದು, ಕೊಡ್ತೀನಿ ಅಂತ ಬರೀಬೇಕು. ಸಹಿ ಬೇಕು. ಅದು 25ನೇ ಕಲಮಿನ ಮೂರನೇ ಉಪಕಲಮು. ಕಾಲ ಮೀರಿದ ಸಾಲ ಕೊಡ್ತೀನಿ ಅಂತ ಬರವಣಿಗೆಯೊಳಗ ಕೊಟ್ಟ ವಚನಕ್ಕ ಹೊಸಾ ಪ್ರತಿಫಲ ಬೇಕಾಗಿಲ್ಲ. ಅದ ಒಂದು ಹೊಸಾ ಕರಾರು. ಬಾಯಿಮಾತು ನಡಿಯೂದಿಲ್ಲ."

ಜಾರಿಗೊಳಿಸಲಾಗದ ಕರಾರಿನ ಗುಣವೇ ಇದು. ಕರಾರಿನ ಒಳಗೆ ದೋಷವಿಲ್ಲ, ಹೊರಗಿನ ಒಂದು ಕಾನೂನು ಅದರ ದಾರಿಗೆ ಅಡ್ಡ ನಿಂತಿದೆ. ಆ ಅಡ್ಡಿ ಸರಿದರೆ ಕರಾರು ಮತ್ತೆ ನಡೆಯುತ್ತದೆ. ಛಾಪಾ ಕಾಗದದ ವಿಷಯದಲ್ಲೂ ಹೀಗೇ. ಸಾಕಷ್ಟು ಮುದ್ರಾಂಕ ಶುಲ್ಕ ಕಟ್ಟದ ಕರಾರು ಪತ್ರವನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ 34ನೇ ಕಲಮಿನ ಪ್ರಕಾರ ಕೊರತೆ ಬಿದ್ದ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಿದರೆ ಅದೇ ಪತ್ರ ಒಳಗೆ ಬರುತ್ತದೆ. ಪ್ರೋನೋಟಿಗೆ ಮಾತ್ರ ಈ ಸವಲತ್ತಿಲ್ಲ.

"ಈ ಫರಕ್ ಸುಪ್ರೀಂ ಕೋರ್ಟಿಗೂ ತಲಿನೋವು ತಂದಿತ್ತು, ಗೊತ್ತೈತಿಲ್ಲ?" ಎಂದ ಅಣ್ಣ.

2023ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಎನ್.ಎನ್. ಗ್ಲೋಬಲ್ ಪ್ರಕರಣದಲ್ಲಿ, ಮುದ್ರಾಂಕ ಶುಲ್ಕ ಕಟ್ಟದ ಪತ್ರದೊಳಗಿನ ಮಧ್ಯಸ್ಥಿಕೆ ಒಪ್ಪಂದ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ ಎಂದು ಮೂವರ ಬಹುಮತದಿಂದ ಹೇಳಿತು. ಇಬ್ಬರು ಒಪ್ಪಲಿಲ್ಲ. ಅದೇ ವರ್ಷ ಡಿಸೆಂಬರ್ 13ರಂದು ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಒಮ್ಮತದಿಂದ ತಳ್ಳಿಹಾಕಿತು. ಶುಲ್ಕ ಕಟ್ಟದ ಪತ್ರ ಸಾಕ್ಷ್ಯವಾಗಿ ಸ್ವೀಕಾರಾರ್ಹವಲ್ಲ, ಅಷ್ಟೇ. ಅದು ಶೂನ್ಯವಲ್ಲ, ದೋಷ ಸರಿಪಡಿಸಬಹುದಾದದ್ದು ಎಂಬುದು ಆ ತೀರ್ಪಿನ ಸಾರ. ಏಪ್ರಿಲ್ ತೀರ್ಪು ಜಾರಿಗೊಳಿಸಲಾಗದ್ದನ್ನು ಶೂನ್ಯವೆಂದು ಬಗೆದಿತ್ತು. ಹುಡುಗ ಮಾಡುತ್ತಿದ್ದ ಗೊಂದಲವೂ ಅದೇ ಜಾತಿಯದು.

ಒಂದೇ ಚೀಟಿ, ಎರಡು ಸಹಿ

ಓದಿದ್ದು ನಿಂತಿದೆಯೋ ಇಲ್ಲವೋ ನೋಡಲು ಅಣ್ಣ ಕೊನೆಗೆ ತಾನೇ ಒಂದು ಸಮಸ್ಯೆ ಹಾಕಿದ. ಇಬ್ಬರು ತಲಾ 40,000 ಸಾಲ ಮಾಡಿದ್ದಾರೆ. ಒಬ್ಬನಿಗೆ ಆಗ 17 ವರ್ಷ, ಇನ್ನೊಬ್ಬನಿಗೆ 30. ನಾಲ್ಕು ವರ್ಷದ ಮೇಲೆ ಸಾಲ ಕೊಟ್ಟವನು ಇಬ್ಬರಿಂದಲೂ ಒಂದೇ ಮಾತಿನ ಚೀಟಿ ಬರೆಸಿಕೊಳ್ಳುತ್ತಾನೆ: 'ಹಳೆಯ ಸಾಲ 40,000 ರೂಪಾಯಿಯನ್ನು ಕೊಡುತ್ತೇನೆ.' ಇಬ್ಬರೂ ಸಹಿ ಮಾಡುತ್ತಾರೆ. ಸಹಿ ಮಾಡುವಾಗ ಚಿಕ್ಕವನಿಗೂ 21 ಆಗಿದೆ.

ಹುಡುಗ ಮೊದಲು ಇಬ್ಬರ ಮೇಲೂ ದಾವೆ ನಡೆಯುತ್ತದೆ ಎಂದ. "ಇಬ್ಬರೂ ಈಗ ವಯಸ್ಕರು, ಬರವಣಿಗೆ ಐತಿ, ಸಹಿ ಐತಿ. 25ರ ಮೂರನೇದು."

"ಆ ಉಪಕಲಮು ಇನ್ನೊಮ್ಮೆ ಓದು. ಯಾವ ಸಾಲ ಅಂತೈತಿ?"

ಹುಡುಗ ಬೆರಳಿಟ್ಟು ಓದಿದ. ಕಾಲಮಿತಿಯ ಕಾನೂನು ಇರದಿದ್ದರೆ ಸಾಲ ಕೊಟ್ಟವನು ಯಾವ ಸಾಲವನ್ನು ವಸೂಲು ಮಾಡಬಹುದಿತ್ತೋ ಆ ಸಾಲ, ಎಂದಿತ್ತು.

"ಮೂವತ್ತರವನ ಸಾಲ ಅಂಥಾದ್ದು," ಎಂದ ನಿಧಾನಕ್ಕೆ. "ಕಾಲ ಮೀರದಿದ್ರ ಅದನ್ನ ವಸೂಲು ಮಾಡಬಹುದಿತ್ತು. ಹದಿನೇಳರವನದನ್ನ ಸಾಲ ಕೊಟ್ಟ ಮರುದಿವಸನೂ ವಸೂಲು ಮಾಡಲಿಕ್ಕೆ ಬರ್ತಿದ್ದಿಲ್ಲ. ಅಡ್ಡ ಬಂದದ್ದು ಕಾಲ ಅಲ್ಲ. ಅಲ್ಲಿ ಸಾಲದ ಕರಾರು ಇರಲೇ ಇಲ್ಲ."

"ಹಂಗಾದ್ರ ಅವನ ಚೀಟಿ?"

"ಪ್ರತಿಫಲ ಇಲ್ಲದ ವಚನ. ಹಳೇ ರೊಕ್ಕ ಹೊಸಾ ಚೀಟಿಗೆ ಪ್ರತಿಫಲ ಆಗೂದಿಲ್ಲ. ನಡಿಯೂದಿಲ್ಲ."

"1928ರಾಗ ಅಲಹಾಬಾದ್ ಹೈಕೋರ್ಟಿನ್ಯಾಗ ಇಂಥಾದ್ದ ಬಂದಿತ್ತು, ಸೂರಜ್ ನಾರಾಯಣ ಅಂತ ಕೇಸು. ಅಪ್ರಾಪ್ತನಿದ್ದಾಗ ತಗೊಂಡ ರೊಕ್ಕಕ್ಕ ವಯಸ್ಕನಾದ ಮ್ಯಾಲೆ ಬರಕೊಟ್ಟ ಪತ್ರ ನಡಿಯೂದಿಲ್ಲ ಅಂತ ಬಹುಮತದ ತೀರ್ಪು. ಹೊಸಾದಾಗಿ ಇನ್ನಷ್ಟು ರೊಕ್ಕ ಕೊಟ್ಟು, ಎರಡೂ ಸೇರಿಸಿ ಬರಸ್ಕೊಂಡ್ರ ಮಾತು ಬ್ಯಾರೆ, ಅದು ಇನ್ನೊಂದು ಪ್ರಶ್ನೆ."

"ಹಂಗಾದ್ರ ಉತ್ತರದಾಗ ಈ ಎರಡು ಚೀಟಿನ ಬರೀತೀನಿ," ಎಂದ ಹುಡುಗ. "ವಾಯ್ಡ್‌ಗೂ ಅನ್‌ಎನ್‌ಫೋರ್ಸಬಲ್‌ಗೂ ಫರಕ್ ಏನು ಅಂದ್ರ ಇಷ್ಟ: ಒಂದ ಮಾತು, ಒಂದ ಸಹಿ, ಮೂವತ್ತರವ ಕೊಡಬೇಕು, ಇವ ಕೊಡಬೇಕಾಗಿಲ್ಲ."

"ಕಲಮಿನ ನಂಬರು ಹಾಕೂದು ಮರೀಬ್ಯಾಡ," ಎಂದ ಅಣ್ಣ. "ಮಾರ್ಕು ಕೊಡೂದು ಅದಕ್ಕ."